ಫೋನಿನಲ್ಲಿರುವ ವೈಫೈ ಪಾಸ್‌ವರ್ಡ್: ಕ್ಯೂಆರ್ ಸರಿ, ಟೈಪ್ ಮಾಡಿದರೆ ತಪ್ಪು, ಯಾಕೆ?

ಪ್ರಶ್ನೆ: ಮನೆಯ ವೈಫೈ ಪಾಸ್‌ವರ್ಡ್ ಮರೆತುಹೋಗಿದೆ. ನನ್ನ ಆಂಡ್ರಾಯ್ಡ್ ಫೋನ್ ಮತ್ತು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಎರಡೂ ಕನೆಕ್ಟ್ ಆಗಿವೆ, ಈಗ ಹೊಸ ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಬೇಕು. ಫೋನ್ ಕ್ಯೂಆರ್ ಕೋಡ್ ಮಾತ್ರ ತೋರಿಸುತ್ತದೆ. ಅದನ್ನು ಒಂದು ಸ್ಕ್ಯಾನರ್ ಆ್ಯಪ್‌ನಲ್ಲಿ ಓದಿಸಿ, ಬಂದ ಪಾಸ್‌ವರ್ಡ್ ಟೈಪ್ ಮಾಡಿದರೆ ತಪ್ಪು ಅನ್ನುತ್ತಿದೆ. ಅದೇ ಕ್ಯೂಆರ್‌ನಿಂದ ಇನ್ನೊಂದು ಫೋನ್ ಮಾತ್ರ ಸಲೀಸಾಗಿ ಕನೆಕ್ಟ್ ಆಗುತ್ತದೆ! ಏನು ಸಮಸ್ಯೆ? ಬಂದವರಿಗೆ ಅಂತ ಒಂದು ಕ್ಯೂಆರ್ ಪ್ರಿಂಟ್ ಮಾಡಿ ಅಂಟಿಸಬೇಕು ಅಂತಲೂ ಇದೆ.

ಉತ್ತರ: ನಿಮ್ಮ ಪಾಸ್‌ವರ್ಡ್‌ನಲ್ಲಿ ಸೆಮಿಕೋಲನ್, ಕೋಲನ್, ಕಾಮಾ ಇಂಥದ್ದೇನೋ ಒಂದು ಚಿಹ್ನೆ ಇದೆ, ಹತ್ತಕ್ಕೆ ಒಂಬತ್ತು ಪಾಲು ಅದೇ ಕಾರಣ. ಇನ್ನೊಂದು ಫೋನ್ ಕನೆಕ್ಟ್ ಆಯಿತು ಅಂದಮೇಲೆ ಕ್ಯೂಆರ್ ಒಳಗಿನ ಪಾಸ್‌ವರ್ಡ್ ಸರಿಯಾಗಿಯೇ ಇದೆ. ನೀವು ಅದನ್ನು ಓದಿಕೊಂಡ ರೀತಿಯಲ್ಲಿ ಎಡವಟ್ಟಾಗಿದೆ ಅಷ್ಟೆ.

ಅದನ್ನು ಬಿಡಿಸಿ ಹೇಳುವ ಮೊದಲು, ನಿಮ್ಮ ಹತ್ತಿರ ಹಳೆಯ ಲ್ಯಾಪ್‌ಟಾಪ್ ಇದೆಯಲ್ಲ, ಇವತ್ತಿನ ಕೆಲಸಕ್ಕೆ ಅದೇ ಸಾಕು. ಅದು ಕನೆಕ್ಟ್ ಆಗಿದೆ ಅಂದರೆ ಪಾಸ್‌ವರ್ಡ್ ಅದರೊಳಗೇ ಇದೆ, ಇರಲೇಬೇಕು. ವೈಫೈನಲ್ಲಿ ರೂಟರ್ ನಿಮ್ಮ ಪಾಸ್‌ವರ್ಡನ್ನು ಒಮ್ಮೆ ಕೇಳಿ "ಇವರು ನಮ್ಮವರು" ಅಂತ ನೆನಪಿಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಕನೆಕ್ಟ್ ಆಗುವಾಗಲೂ ಲ್ಯಾಪ್‌ಟಾಪು ಮತ್ತು ರೂಟರು ಇಬ್ಬರೂ ಒಂದೇ ಪಾಸ್‌ವರ್ಡ್ ಬಲ್ಲರು ಅನ್ನುವುದು ಹೊಸದಾಗಿ ಸಾಬೀತಾಗಬೇಕು. ಪಾಸ್‌ವರ್ಡ್ ಮಾತ್ರ ಗಾಳಿಯಲ್ಲಿ ಹೋಗುವುದೇ ಇಲ್ಲ, ಅದರಿಂದ ಲೆಕ್ಕ ಹಾಕಿದ ಉತ್ತರಗಳಷ್ಟೇ ಹೋಗುತ್ತವೆ. ಆ ಲೆಕ್ಕ ಹಾಕಬೇಕು ಅಂದರೆ ಅದು ಕಂಪ್ಯೂಟರಿನ ಹೊಟ್ಟೆಯಲ್ಲಿ ಎಲ್ಲೋ ಒಂದು ಕಡೆ ಉಳಿದಿರಲೇಬೇಕು.

ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದ್ದರೆ, ಅದೂ ಅಪ್‌ಡೇಟ್ ಆಗಿದ್ದರೆ, ಸೆಟ್ಟಿಂಗ್ಸ್ ತೆಗೆದು Network & internet, ಅದರಲ್ಲಿ Wi-Fi, ಅದರಲ್ಲಿ ನಿಮ್ಮ ನೆಟ್‌ವರ್ಕ್‌ನ properties ಒಳಗೆ ಹೋಗಿ. View Wi-Fi security key ಅಂತ ಒಂದು ಸಾಲು ಇದೆ, ಅದರ ಪಕ್ಕದ View ಒತ್ತಿದರೆ ಪಾಸ್‌ವರ್ಡ್ ಕಾಣುತ್ತದೆ. ಆ ಸಾಲು ಇಲ್ಲದಿದ್ದರೆ, ಅಥವಾ ವಿಂಡೋಸ್ 10 ಇದ್ದರೆ, ಕಮಾಂಡ್ ಪ್ರಾಂಪ್ಟ್ ಬಳಸಿ. ನನಗಂತೂ ಅದೇ ಇಷ್ಟ, ಯಾಕೆಂದರೆ ಸೆಟ್ಟಿಂಗ್ಸ್ ಮೆನು ಎರಡು ವರ್ಷಕ್ಕೊಮ್ಮೆ ಮನೆ ಬದಲಾಯಿಸುತ್ತದೆ, ಕಮಾಂಡ್ ಇದ್ದಲ್ಲೇ ಇರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ cmd ಅಂತ ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ Run as administrator ಆರಿಸಿ. ಆಮೇಲೆ ಇವೆರಡನ್ನು ಒಂದಾದ ಮೇಲೆ ಒಂದು ಹಾಕಿ:

```
netsh wlan show profiles
netsh wlan show profile name="Mane_Atta" key=clear
```

ಮೊದಲನೆಯದು ಆ ಲ್ಯಾಪ್‌ಟಾಪ್ ಇಲ್ಲಿಯವರೆಗೆ ನೆನಪಿಟ್ಟುಕೊಂಡ ಎಲ್ಲ ವೈಫೈ ಹೆಸರುಗಳನ್ನು ಉದ್ದಕ್ಕೆ ತೋರಿಸುತ್ತದೆ. Mane_Atta ನಾನು ಇಟ್ಟ ಹೆಸರು, ಅಲ್ಲಿ ನಿಮ್ಮದನ್ನು ಹಾಕಿ. ಎರಡನೆಯದರಲ್ಲಿ ಬಹಳ ಸಾಲು ಬರುತ್ತವೆ, ಅವೆಲ್ಲ ಬೇಡ. ಕೆಳಗೆ Security settings ಅನ್ನುವ ಭಾಗದಲ್ಲಿ Key Content ಅಂತ ಇರುತ್ತದೆ, ಅದರ ಮುಂದಿರುವುದೇ ಪಾಸ್‌ವರ್ಡ್. ಕ್ಯೂಆರ್‌ನಲ್ಲಿ ಸೇರಿಕೊಳ್ಳುವ \ ಗುರುತು, ಅಂದರೆ ಬ್ಯಾಕ್‌ಸ್ಲ್ಯಾಶ್ ಗಿಕ್‌ಸ್ಲ್ಯಾಶ್ ಯಾವುದೂ ಇಲ್ಲಿ ಇರುವುದಿಲ್ಲ, ಇದ್ದದ್ದು ಇದ್ದ ಹಾಗೆ ಬರುತ್ತದೆ.

ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. is not found on the system ಅಂತ ಬಂದರೆ ಹೆಸರು ಹೊಂದುತ್ತಿಲ್ಲ ಅಂತ ಅರ್ಥ, ನಡುವೆ ಸ್ಪೇಸ್ ಇದೆಯೇ, ಕೊನೆಯಲ್ಲಿ 5G ಅಂತ ಇದೆಯೇ ನೋಡಿ, ಮೊದಲ ಕಮಾಂಡ್ ತೋರಿಸಿದ್ದನ್ನೇ ಕಾಪಿ ಮಾಡಿ ಹಾಕುವುದು ಒಳ್ಳೆಯದು. ಇನ್ನು Security key ಮುಂದೆ Present ಅಂತ ಇದ್ದು ಓದಲು ಬರುವ Key Content ಮಾತ್ರ ಸಿಗದಿದ್ದರೆ, ನೀವು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿಲ್ಲ. ವಿಂಡೋಸ್ ಪಾಸ್‌ವರ್ಡನ್ನು ಗುಪ್ತವಾಗಿ ಬರೆದಿಟ್ಟಿರುತ್ತದೆ, ಆ ಕಂಪ್ಯೂಟರಿನ ಅಡ್ಮಿನ್ ಕೇಳಿದರೆ ಮಾತ್ರ ಬಿಡಿಸಿ ತೋರಿಸುತ್ತದೆ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರೋಣ.

ಆಂಡ್ರಾಯ್ಡ್ 10 ಬಂದಾಗಿನಿಂದ, ಅಂದರೆ 2019ರಿಂದ, ಫೋನಿನಲ್ಲೇ ವೈಫೈ ಹಂಚುವ ಕ್ಯೂಆರ್ ಇದೆ. ಕನೆಕ್ಟ್ ಆಗಿರುವ ನೆಟ್‌ವರ್ಕ್ ಪಕ್ಕದ ಗಾಲಿ ಗುರುತು ಒತ್ತಿ, Share ಅಥವಾ QR code ಒತ್ತಿ, ಬೆರಳಚ್ಚು ಅಥವಾ ಪಿನ್ ಕೊಟ್ಟರೆ ಬರುತ್ತದೆ. ಕೆಲವು ಫೋನುಗಳು ಕ್ಯೂಆರ್ ಕೆಳಗೆ ಸಣ್ಣ ಅಕ್ಷರದಲ್ಲಿ ಪಾಸ್‌ವರ್ಡ್ ಕೂಡ ಬರೆದಿರುತ್ತವೆ, ಅದನ್ನು ಗಮನಿಸದೆ ಸುಮ್ನೆ ಬೇರೆ ದಾರಿ ಹುಡುಕುವವರು ಜಾಸ್ತಿ, ಒಮ್ಮೆ ಕೆಳಗಿನವರೆಗೂ ಸ್ಕ್ರೋಲ್ ಮಾಡಿ ನೋಡಿ. ನಿಮ್ಮದು ಕ್ಯೂಆರ್ ಮಾತ್ರ ತೋರಿಸುವ ಫೋನು. ಪರವಾಗಿಲ್ಲ, ಕ್ಯೂಆರ್ ಒಳಗೆ ಇರುವುದೂ ಬರೀ ಒಂದು ಸಾಲು ಬರಹವೇ. ಅದರಲ್ಲಿ ಬೀಗವೂ ಇಲ್ಲ, ಮುಚ್ಚುಮರೆಯೂ ಇಲ್ಲ. ನೋಡಲು ಚುಕ್ಕಿ ಚುಕ್ಕಿಯಾಗಿದೆ ಅಂತ ನಮಗೆ ಓದಲು ಬರುವುದಿಲ್ಲ ಅಷ್ಟೆ. ಒಂದು ಉದಾಹರಣೆ ನೋಡಿ:

```
WIFI:S:Mane_Atta;T:WPA;P:hosa\;Gubbi\:07;H:false;;
```

S ಅಂದರೆ ನೆಟ್‌ವರ್ಕ್ ಹೆಸರು. T ಅಂದರೆ ಯಾವ ಬಗೆಯ ಭದ್ರತೆ, ಇಲ್ಲಿ ಡಬ್ಲ್ಯೂಪಿಎ. P ಅಂದರೆ ಪಾಸ್‌ವರ್ಡ್. H ಅಂದರೆ ನೆಟ್‌ವರ್ಕ್ ಹೆಸರು ಅಡಗಿಸಿಟ್ಟಿದೆಯೇ ಇಲ್ಲವೇ. ಒಂದೊಂದು ಭಾಗ ಮುಗಿದಾಗ ಒಂದು ಸೆಮಿಕೋಲನ್, ಪೂರ್ತಿ ಮುಗಿದಾಗ ಇನ್ನೊಂದು. ಭಾಗಗಳ ಕ್ರಮ ಹಿಂದೆ ಮುಂದೆ ಇರಬಹುದು, ಅದಕ್ಕೇನೂ ತೊಂದರೆ ಇಲ್ಲ.

ತೊಂದರೆ ಎಲ್ಲಿ ಅಂತ ಗೊತ್ತಾಯಿತಲ್ವಾ? ಸೆಮಿಕೋಲನ್ ಕಂಡರೆ "ಈ ಭಾಗ ಮುಗಿಯಿತು" ಅಂತ ಅರ್ಥ. ಆದರೆ ಪಾಸ್‌ವರ್ಡ್ ಒಳಗೇ ಸೆಮಿಕೋಲನ್ ಇದ್ದರೆ? ಓದುವ ಫೋನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಒಂದು ಕಟ್ಟಳೆ ಮಾಡಿದ್ದಾರೆ: ಪಾಸ್‌ವರ್ಡ್ ಒಳಗಿನ ಸೆಮಿಕೋಲನ್, ಕೋಲನ್, ಕಾಮಾ, ಜೋಡಿ ಉದ್ಧರಣ ಚಿಹ್ನೆ, ಮತ್ತು ಬ್ಯಾಕ್‌ಸ್ಲ್ಯಾಶ್, ಈ ಐದರಲ್ಲಿ ಯಾವುದು ಬಂದರೂ ಅದಕ್ಕಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. "ಇದು ಗಡಿಕಲ್ಲಲ್ಲ, ಪಾಸ್‌ವರ್ಡಿನದೇ ಅಕ್ಷರ" ಅಂತ ಹೇಳುವ ಗುರುತು ಅದು. ಕ್ಯೂಆರ್ ತಯಾರಿಸುವ ಫೋನು ಅದನ್ನು ಸೇರಿಸುತ್ತದೆ, ಸ್ಕ್ಯಾನ್ ಮಾಡಿ ಕನೆಕ್ಟ್ ಆಗುವ ಫೋನು ಅದನ್ನು ತೆಗೆದು ಹಾಕುತ್ತದೆ. ಇಬ್ಬರ ನಡುವೆ ನಡೆಯುವ ಮಾತು, ನಮಗೆ ಗೊತ್ತೂ ಆಗುವುದಿಲ್ಲ. ನಡುವೆ ನಾವು ಇಣುಕಿ ಓದಿದಾಗಲೇ ಗೊಂದಲ ಆಗುವುದು.

ಮೇಲಿನ ಉದಾಹರಣೆಯಲ್ಲಿ ನಿಜವಾದ ಪಾಸ್‌ವರ್ಡ್ ಇದು:

```
hosa;Gubbi:07
```

ಎಣಿಸಿದರೆ 13 ಅಕ್ಷರ. ಆದರೆ ಬರಹವನ್ನು ಇದ್ದ ಹಾಗೇ ತೋರಿಸುವ ಸ್ಕ್ಯಾನರ್ ಆ್ಯಪ್‌ನಿಂದ ನೀವು P: ಆದಮೇಲಿನದ್ದನ್ನು ನೋಡಿ ಬರೆದುಕೊಂಡರೆ ಎರಡು ಬ್ಯಾಕ್‌ಸ್ಲ್ಯಾಶ್ ಸೇರಿ 15 ಆಗುತ್ತದೆ. ಲ್ಯಾಪ್‌ಟಾಪ್ ಅದನ್ನು ಒಪ್ಪಿಕೊಂಡು ಪ್ರಯತ್ನ ಮಾಡುತ್ತದೆ, ಕೆಲವು ಸೆಕೆಂಡ್ ತಿರುಗಿ ತಪ್ಪು ಅನ್ನುತ್ತದೆ. ನಿಮಗೆ ಆಗಿರುವುದು ಹೆಚ್ಚುಕಡಿಮೆ ಇದೇ. ಇನ್ನು ಕೆಲವರು ಮೊದಲ ಸೆಮಿಕೋಲನ್ ಕಂಡ ತಕ್ಷಣ ಪಾಸ್‌ವರ್ಡ್ ಮುಗಿಯಿತು ಅಂದುಕೊಂಡು ಬರೀ hosa\ ಅಂತ ಹಾಕುತ್ತಾರೆ. ಅದು 5 ಅಕ್ಷರ. ವೈಫೈ ಪಾಸ್‌ವರ್ಡ್ ಕನಿಷ್ಠ 8, ಗರಿಷ್ಠ 63 ಅಕ್ಷರ ಇರಬೇಕು ಅನ್ನುವುದು ಡಬ್ಲ್ಯೂಪಿಎ ನಿಯಮ, ಹಾಗಾಗಿ ಬಹಳಷ್ಟು ಫೋನುಗಳಲ್ಲಿ ಕನೆಕ್ಟ್ ಬಟನ್ನೇ ಮಂಕಾಗಿ ಉಳಿಯುತ್ತದೆ, ಒತ್ತಲೂ ಬರುವುದಿಲ್ಲ. ಬಟನ್ ಮಂಕಾಗಿದ್ದರೆ ಪಾಸ್‌ವರ್ಡ್ ಅರ್ಧಕ್ಕೆ ತುಂಡಾಗಿದೆ. ಒತ್ತಿದ ಮೇಲೆ ತಪ್ಪು ಅಂದರೆ ಎಲ್ಲೋ ಒಂದು ಅಕ್ಷರ ಹೆಚ್ಚಾಗಿದೆ, ಇಲ್ಲವೇ ಬೇರೆಯಾಗಿದೆ. ಇದಿಷ್ಟು ನೋಡಿದರೆ ಎಲ್ಲಿ ತಪ್ಪಿದೆ ಅಂತ ಅರ್ಧ ಗೊತ್ತಾದ ಹಾಗೆ.

ಹಾಗಾದರೆ ಸರಿಯಾಗಿ ಓದುವುದು ಹೇಗೆ? P: ಆದಮೇಲೆ ಶುರು ಮಾಡಿ, ಹಿಂದೆ ಬ್ಯಾಕ್‌ಸ್ಲ್ಯಾಶ್ ಇಲ್ಲದ ಮೊದಲ ಸೆಮಿಕೋಲನ್ ಬರುವವರೆಗೆ ಹೋಗಿ, ಆ ಸೆಮಿಕೋಲನ್ ಬಿಟ್ಟು ನಿಲ್ಲಿಸಿ. ಆಮೇಲೆ ಎಡದಿಂದ ಬಲಕ್ಕೆ ನೋಡುತ್ತ, ಬ್ಯಾಕ್‌ಸ್ಲ್ಯಾಶ್ ಕಂಡಾಗಲೆಲ್ಲ ಅದೊಂದನ್ನು ಅಳಿಸಿ ಅದರ ಮುಂದಿನ ಅಕ್ಷರವನ್ನು ಉಳಿಸಿ. ಎರಡು ಬ್ಯಾಕ್‌ಸ್ಲ್ಯಾಶ್ ಜೊತೆಗಿದ್ದರೆ ಒಂದು ಹೋಗುತ್ತದೆ, ಇನ್ನೊಂದು ಪಾಸ್‌ವರ್ಡಿನದೇ. ಅಷ್ಟೆ. ಈ ಕೆಲಸ ಎಲ್ಲ ಸ್ಕ್ಯಾನರ್‌ಗೂ ಬೇಕಿಲ್ಲ. ತೋರಿಸಿದ ಬರಹ WIFI: ಅಂತ ಶುರುವಾದರೆ ಅದು ಹಸಿಯಾಗಿ ತೋರಿಸುತ್ತಿದೆ, ಬ್ಯಾಕ್‌ಸ್ಲ್ಯಾಶ್ ನೀವೇ ತೆಗೆಯಬೇಕು. ಹೆಸರು ಬೇರೆ, ಪಾಸ್‌ವರ್ಡ್ ಬೇರೆ ಅಂತ ಬಿಡಿಸಿ ತೋರಿಸಿದರೆ ಸಾಮಾನ್ಯವಾಗಿ ಅದೇ ಶುದ್ಧ ಮಾಡಿರುತ್ತದೆ.

ನಾನೇ ಇದರಲ್ಲಿ ಒಂದು ಸಲ ಪಾಠ ಕಲಿತವನು, ನೆಂಟರ ಮನೆಯಲ್ಲಿ ಟಿವಿಗೆ ವೈಫೈ ಹಾಕಿಕೊಡುತ್ತೇನೆ ಅಂತ ರಿಮೋಟ್ ಹಿಡಿದು ಒಂದೊಂದೇ ಅಕ್ಷರ ಆರಿಸುತ್ತ, ಬ್ಯಾಕ್‌ಸ್ಲ್ಯಾಶ್ ಆ ಕೀಬೋರ್ಡಿನ ಯಾವ ಪುಟದಲ್ಲಿದೆ ಅಂತ ಹುಡುಕುತ್ತ ಅರ್ಧ ಗಂಟೆ ಕೂತಿದ್ದೆ. ಮೂರು ಸಲ ತಪ್ಪು ಅಂದಮೇಲೆ ರೂಟರೇ ಕೆಟ್ಟಿದೆ ಅಂತ ತೀರ್ಪು ಕೊಟ್ಟಿದ್ದೆ. ಆಮೇಲೆ ಅವರ ಮಗಳು ರೂಟರಿನ ಹಿಂದಿನ ಸ್ಟಿಕ್ಕರ್ ಓದಿ ಹೇಳಿದಳು, ಅದರಲ್ಲಿ ಬ್ಯಾಕ್‌ಸ್ಲ್ಯಾಶ್ ಇರಲೇ ಇಲ್ಲ. ಅಂದಹಾಗೆ ನಿಮ್ಮ ರೂಟರಿನ ಸ್ಟಿಕ್ಕರ್ ಕೂಡ ಒಮ್ಮೆ ನೋಡಿ, ಪಾಸ್‌ವರ್ಡನ್ನು ಯಾರೂ ಬದಲಾಯಿಸದಿದ್ದರೆ ಅಲ್ಲಿ ಇರುವುದೇ ಸರಿ.

ಕ್ಯೂಆರ್ ಓದಿಸುವಾಗ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಸ್ಕ್ರೀನ್‌ಶಾಟ್ ತೆಗೆದು ಅದನ್ನು "ಆನ್‌ಲೈನ್ ಕ್ಯೂಆರ್ ರೀಡರ್" ಅಂತ ಸಿಕ್ಕ ಸೈಟಿಗೆ ಹಾಕಬೇಡಿ. ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಒಟ್ಟಿಗೆ ಗುರುತಿಲ್ಲದವರ ಕೈಗೆ ಕೊಟ್ಟ ಹಾಗೆ ಆಗುತ್ತದೆ. ಫೋನಿನಲ್ಲೇ ಇರುವ ಸ್ಕ್ಯಾನರ್ ಸಾಕು. ಕೆಲವು ಫೋನುಗಳು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ, ಆಗ ಇನ್ನೊಂದು ಫೋನಿನಿಂದ ಫೋಟೋ ತೆಗೆದು ಓದಿಸಿ. ಕೆಲಸ ಆದಮೇಲೆ ಆ ಚಿತ್ರವನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯಿರಿ, ಇಲ್ಲದಿದ್ದರೆ ಅದು ಬ್ಯಾಕಪ್ ಆಗಿ ಎಲ್ಲೆಲ್ಲೋ ಹೋಗಿ ಕೂರುತ್ತದೆ.

ಮನೆಯಲ್ಲಿ ಯಾರ ಹತ್ತಿರವಾದರೂ ಐಫೋನ್ ಇದ್ದರೆ ಈ ತಲೆನೋವೇ ಇಲ್ಲ. 2022ರ ಐಒಎಸ್ 16ರಿಂದ ಸೆಟ್ಟಿಂಗ್ಸ್‌ನ Wi-Fi ಒಳಗೆ ನೆಟ್‌ವರ್ಕ್ ಪಕ್ಕದ i ಗುರುತು ಒತ್ತಿ, Password ಸಾಲನ್ನು ಮುಟ್ಟಿದರೆ ಮುಖ ಅಥವಾ ಬೆರಳು ನೋಡಿ ತೋರಿಸುತ್ತದೆ. ಐಒಎಸ್ 18ರಲ್ಲಿ ಬಂದ Passwords ಆ್ಯಪ್‌ನ Wi-Fi ಭಾಗದಲ್ಲಿ ಕ್ಯೂಆರ್ ಕೂಡ ಸಿಗುತ್ತದೆ. ಮ್ಯಾಕ್ ಇದ್ದರೆ ಟರ್ಮಿನಲ್‌ನಲ್ಲಿ ಇದು:

```
security find-generic-password -wa "Mane_Atta"
```

ಮ್ಯಾಕ್ ಕೇಳಿದಾಗ ಅದರದೇ ಹೆಸರು, ಪಾಸ್‌ವರ್ಡ್ ಕೊಟ್ಟರೆ ವೈಫೈ ಪಾಸ್‌ವರ್ಡ್ ಬರುತ್ತದೆ.

ಇನ್ನು ಗೋಡೆಗೆ ಅಂಟಿಸುವ ಕ್ಯೂಆರ್. ಸುಲಭದ ದಾರಿ, ಫೋನ್ ತೋರಿಸಿದ ಕ್ಯೂಆರ್‌ನ ಸ್ಕ್ರೀನ್‌ಶಾಟನ್ನೇ ಪ್ರಿಂಟ್ ಮಾಡುವುದು. ಕತ್ತರಿಸುವಾಗ ಸುತ್ತಲಿನ ಬಿಳಿ ಅಂಚನ್ನು ಮರೆಯದೆ ಉಳಿಸಿ. ಕ್ಯೂಆರ್‌ನ ಒಂದು ಚಿಕ್ಕ ಚೌಕ ಎಷ್ಟಿದೆಯೋ ಅದರ ನಾಲ್ಕರಷ್ಟು ಬಿಳಿ ಜಾಗ ನಾಲ್ಕೂ ಕಡೆ ಇರಬೇಕು ಅನ್ನುವುದು ನಿಯಮ. ಚಂದ ಕಾಣಲಿ ಅಂತ ಅಂಚನ್ನು ಒತ್ತಿ ಕತ್ತರಿಸಿ ಬಣ್ಣದ ಕಾಗದದ ಮೇಲೆ ಅಂಟಿಸಿದರೆ ಕೆಲವು ಕ್ಯಾಮೆರಾಗಳಿಗೆ ಕ್ಯೂಆರ್ ಎಲ್ಲಿ ಶುರುವಾಗುತ್ತದೆ ಅಂತಲೇ ತಿಳಿಯುವುದಿಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಚುಕ್ಕಿ ಬರುವ ಹಾಗೆ ಬಣ್ಣ ತಿರುಗಿಸಲೂ ಹೋಗಬೇಡಿ, ಎಲ್ಲ ಸ್ಕ್ಯಾನರ್‌ಗಳೂ ಅದನ್ನು ಓದುವುದಿಲ್ಲ.

ಅಂದವಾಗಿ ಬೇಕು ಅಂದರೆ ಲಿಬ್ರೆಆಫೀಸ್ ರೈಟರ್ ಅನ್ನುವ ಉಚಿತ ಬರಹದ ಸಾಫ್ಟ್‌ವೇರ್ ಬಳಸಿ. 6.4ನೇ ಆವೃತ್ತಿಯಿಂದ ಅದರಲ್ಲಿ ಕ್ಯೂಆರ್ ಮಾಡುವ ಸೌಲಭ್ಯ ಇದೆ, Insert ಮೆನುವಿನಲ್ಲಿ OLE Object ಒಳಗೆ ಹುಡುಕಿ. ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಆಗುತ್ತದೆ, ಪಾಸ್‌ವರ್ಡ್ ಎಲ್ಲೂ ಹೊರಗೆ ಹೋಗುವುದಿಲ್ಲ. ಆದರೆ ಅಲ್ಲಿ ಇರುವುದು ಬರೀ ಒಂದು ಖಾಲಿ ಪೆಟ್ಟಿಗೆ, ಅದಕ್ಕೆ ವೈಫೈ ಅಂದರೆ ಏನು ಅಂತ ಗೊತ್ತಿಲ್ಲ. ಹಾಗಾಗಿ ಮೇಲೆ ತೋರಿಸಿದ ಪೂರ್ತಿ ಸಾಲನ್ನು ನೀವೇ ಬರೆಯಬೇಕು, ಈ ಸಲ ಕೆಲಸ ತಿರುಗಾಮುರುಗಾ: ಆ ಐದು ಚಿಹ್ನೆಗಳಿಗಿಂತ ಮೊದಲು ಬ್ಯಾಕ್‌ಸ್ಲ್ಯಾಶನ್ನು ನೀವು ಸೇರಿಸಬೇಕು. ನೆಟ್‌ವರ್ಕ್ ಹೆಸರಿನಲ್ಲಿ ಆ ಚಿಹ್ನೆ ಇದ್ದರೆ ಅಲ್ಲಿಗೂ ಸೇರಿಸಬೇಕು, ಇದನ್ನು ಮರೆಯುವವರೇ ಹೆಚ್ಚು. ದೊಡ್ಡಕ್ಷರ ಸಣ್ಣಕ್ಷರ ಹೇಗಿದೆಯೋ ಹಾಗೇ ಇರಲಿ. ನೆಟ್‌ವರ್ಕ್ ಹೆಸರು ಅಡಗಿಸಿಟ್ಟಿದ್ದರೆ H:true ಹಾಕಿ, ಇಲ್ಲದಿದ್ದರೆ ಫೋನು ಸುತ್ತಮುತ್ತ ಹುಡುಕಿ ಆ ಹೆಸರೇ ಇಲ್ಲ ಅಂದುಬಿಡುತ್ತದೆ. T ಜಾಗದಲ್ಲಿ WPA ಸಾಕು, ಡಬ್ಲ್ಯೂಪಿಎ2 ಇದ್ದರೂ ಅದನ್ನೇ ಬರೆಯುವುದು. ನಿಮ್ಮ ಫೋನ್ ಮಾಡಿದ ಕ್ಯೂಆರ್‌ನಲ್ಲಿ ಅಲ್ಲಿ SAE ಅಂತ ಕಂಡರೆ ಗಾಬರಿ ಬೇಡ, ಅದು ಡಬ್ಲ್ಯೂಪಿಎ3. ಹಳೆಯ ಫೋನಿಗೆ ಅದು ಅರ್ಥವಾಗದೇ ಇರಬಹುದು, ರೂಟರ್ ಎರಡನ್ನೂ ಒಪ್ಪುವ ಹಾಗೆ ಇದ್ದರೆ WPA ಅಂತ ಬರೆದ ಕ್ಯೂಆರ್ ಎಲ್ಲರಿಗೂ ನಡೆಯುತ್ತದೆ.

ಅಲ್ಲೇ ಎರರ್ ಕರೆಕ್ಷನ್ ಅಂತ ನಾಲ್ಕು ಹಂತ ಕೇಳುತ್ತದೆ. ಕ್ಯೂಆರ್‌ನ ಒಂದು ಭಾಗ ಕೊಳೆಯಾದರೂ, ಹರಿದರೂ ಉಳಿದದ್ದರಿಂದ ಓದಿಕೊಳ್ಳಲು ಇರುವ ವ್ಯವಸ್ಥೆ ಅದು. ಅತಿ ಕಡಿಮೆ ಹಂತದಲ್ಲಿ ಸುಮಾರು 7 ಶೇಕಡಾ, ಅತಿ ಹೆಚ್ಚಿನದರಲ್ಲಿ ಸುಮಾರು 30 ಶೇಕಡಾ ಹಾಳಾದರೂ ತಡೆದುಕೊಳ್ಳುತ್ತದೆ. ಹಂತ ಹೆಚ್ಚಿಸಿದಷ್ಟೂ ಚುಕ್ಕಿಗಳು ಒತ್ತೊತ್ತಾಗುತ್ತವೆ. ಮನೆಯ ಗೋಡೆಗೆ ಎರಡನೆಯ ಹಂತ, ಅಂದರೆ Medium, ಧಾರಾಳ ಸಾಕು ಅನ್ನುವುದು ನನ್ನ ಅನುಭವ.

ಪ್ರಿಂಟ್ ಆದಮೇಲೆ ಪರೀಕ್ಷೆ ಮಾಡುವಾಗ ಒಂದು ಮೋಸ ಆಗುತ್ತದೆ. ಈಗಾಗಲೇ ಕನೆಕ್ಟ್ ಆಗಿರುವ ಫೋನಿನಿಂದ ಸ್ಕ್ಯಾನ್ ಮಾಡಿದರೆ ಕ್ಯೂಆರ್ ತಪ್ಪಿದ್ದರೂ ವೈಫೈ ಓಡುತ್ತಲೇ ಇರುತ್ತದೆ, ನೀವು ಸರಿ ಇದೆ ಅಂದುಕೊಳ್ಳುತ್ತೀರಿ. ಅದಕ್ಕೆ ಒಂದು ಫೋನಿನಲ್ಲಿ ಆ ನೆಟ್‌ವರ್ಕ್ ಮೇಲೆ Forget ಒತ್ತಿ, ಆಮೇಲೆ ಸ್ಕ್ಯಾನ್ ಮಾಡಿ. ಮಾಡುವ ಮೊದಲು ಪಾಸ್‌ವರ್ಡ್ ಬೇರೆ ಕಡೆ ಬರೆದಿಟ್ಟುಕೊಂಡಿದ್ದೀರಿ ಅಂತ ಖಾತ್ರಿ ಮಾಡಿಕೊಳ್ಳಿ, ಪಾಸ್‌ವರ್ಡ್ ಗೊತ್ತಿರುವ ಒಂದೇ ಒಂದು ಫೋನಿನಲ್ಲಿ Forget ಒತ್ತಿದರೆ ಮತ್ತೆ ಮೊದಲಿನಿಂದ ಶುರು.

ಇಷ್ಟಕ್ಕೆಲ್ಲ ಬಗ್ಗದ ವೈಫೈ ಒಂದಿದೆ. ಆಫೀಸು, ಕಾಲೇಜುಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಯೂಸರ್ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟಿರುತ್ತಾರಲ್ಲ, ಅಲ್ಲಿ ಎಲ್ಲರಿಗೂ ಸೇರಿದ ಒಂದು ಪಾಸ್‌ವರ್ಡ್ ಅನ್ನುವುದೇ ಇಲ್ಲ. ಆಂಡ್ರಾಯ್ಡ್‌ನಲ್ಲಿ Share ಬಟನ್ ಕಾಣಿಸುವುದಿಲ್ಲ, netsh ನಲ್ಲಿ Key Content ಬರುವುದಿಲ್ಲ. ಅದು ದೋಷವಲ್ಲ.

ಕೊನೆಯದಾಗಿ, ಆ ಗೋಡೆಯ ಕ್ಯೂಆರ್‌ನಲ್ಲಿ ನಿಮ್ಮ ಮುಖ್ಯ ವೈಫೈ ಪಾಸ್‌ವರ್ಡ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಒಂದು ಸಲ ಸ್ಕ್ಯಾನ್ ಮಾಡಿದವರ ಫೋನಿನಲ್ಲಿ ಅದು ಉಳಿಯುತ್ತದೆ, ಅವರೂ ಅದೇ Share ಬಟನ್ ಒತ್ತಿ ಇನ್ನೊಬ್ಬರಿಗೆ ಕೊಡಬಹುದು. ಒಬ್ಬರಿಂದ ಮಾತ್ರ ವಾಪಸ್ ಪಡೆಯಲು ದಾರಿ ಇಲ್ಲ, ಪಾಸ್‌ವರ್ಡನ್ನೇ ಬದಲಾಯಿಸಬೇಕು, ಆಗ ಟಿವಿ, ಪ್ರಿಂಟರ್, ಕ್ಯಾಮೆರಾ ಎಲ್ಲದಕ್ಕೂ ಮತ್ತೆ ಒಂದೊಂದಾಗಿ ಹಾಕುತ್ತ ಕೂರಬೇಕು. ನಿಮ್ಮ ರೂಟರಿನಲ್ಲಿ Guest network ಇದೆಯೇ ನೋಡಿ, ಬಹುಪಾಲು ರೂಟರುಗಳಲ್ಲಿ ಇರುತ್ತದೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇಟ್ಟು ಅದರ ಕ್ಯೂಆರನ್ನು ಗೋಡೆಗೆ ಹಾಕಿ. ಆ ಪಾಸ್‌ವರ್ಡನ್ನು ಬರೀ ಅಕ್ಷರ ಮತ್ತು ಅಂಕಿಗಳಲ್ಲಿ, ಸ್ವಲ್ಪ ಉದ್ದವಾಗಿ ಇಡಿ. ದೊಡ್ಡ O ಮತ್ತು ಸೊನ್ನೆ, ಸಣ್ಣ l ಮತ್ತು ದೊಡ್ಡ I ಬೇಡ. ಆಗ ಬ್ಯಾಕ್‌ಸ್ಲ್ಯಾಶ್ ಕಾಟವೂ ಇರುವುದಿಲ್ಲ, ಕ್ಯಾಮೆರಾ ಇಲ್ಲದ ಸಾಧನ ತಂದವರಿಗೆ ನೀವು ಬಾಯಲ್ಲೇ ಹೇಳಿಬಿಡಬಹುದು.